ಹೆಬ್ಬಾತಿನ ಲೆಕ್ಕ: ಮಾಗಡಿ ಕೆರೆಯ ದಿನಚರಿಯಿಂದ ಒಂದು ಪುಟ

ಜನವರಿ, ಶನಿವಾರ. ಮಾಗಡಿ ಕೆರೆ, ಶಿರಹಟ್ಟಿ ತಾಲ್ಲೂಕು, ಗದಗ ಜಿಲ್ಲೆ. ಬೆಳಗ್ಗೆ 6.20. ಗಾಳಿ ಇಲ್ಲ. ನೀರಿನ ಮೇಲೆ ತೆಳು ಮಂಜು, ಆಚೆ ದಡ ಕಾಣುತ್ತಿಲ್ಲ. ನೀರು ಏರಿಯ ಕಲ್ಲುಕಟ್ಟಡದಲ್ಲಿ ಮೇಲಿನಿಂದ ಐದನೆಯ ಸಾಲಿನವರೆಗೆ ಇದೆ. ಎಣಿಸುವವರು ಇಬ್ಬರು. ಹೆಬ್ಬಾತುಗಳ ಸದ್ದು ಕೇಳುತ್ತಿದೆ, ಹಕ್ಕಿ ಕಾಣುತ್ತಿಲ್ಲ.

ನನ್ನ ಕ್ಷೇತ್ರ ದಿನಚರಿಯ ಒಂದು ಪುಟ ಶುರುವಾಗುವುದು ಹೀಗೆ. ಆರು ಸಾಲು ಬರೆದರೂ ಅದರಲ್ಲಿ ಹಕ್ಕಿಯ ಒಂದು ಅಂಕಿಯೂ ಇಲ್ಲ. ಪ್ರಾಣಿಶಾಸ್ತ್ರ ಓದಲು ಸೇರಿದ ಹೊಸತರಲ್ಲಿ ಹಿರಿಯ ವಿದ್ಯಾರ್ಥಿಗಳು ನನಗೆ ಮೊದಲು ಕಲಿಸಿದ್ದು ಈ ಸಾಲುಗಳನ್ನೇ. ಎಣಿಕೆಗೆ ಮುಂಚೆ ಹೊತ್ತು, ಮಂಜು, ಗಾಳಿ, ನೀರಿನ ಮಟ್ಟ, ಎಷ್ಟು ಜನ ಎಣಿಸಿದರು ಎಂಬುದು ಪುಟದ ಮೇಲೆ ಬಂದಿರಬೇಕು. ಇವಿಲ್ಲದೆ ಬರೆದ ‘ಐನೂರು ಹೆಬ್ಬಾತು’ ಎಂಬ ಮಾತನ್ನು ಮುಂದಿನ ವರ್ಷದ ಯಾವ ಅಂಕಿಯ ಪಕ್ಕದಲ್ಲೂ ಇಟ್ಟು ನೋಡಲಾಗದು. ಜಲಪಕ್ಷಿಗಳ ಗಣತಿ ನಡೆಯುವುದೇ ಹಾಗೆ ಪಕ್ಕದಲ್ಲಿಟ್ಟು ನೋಡಲು.

ಮಾಗಡಿ ಕೆರೆ ಮಳೆನೀರು ಹಿಡಿದು ಹೊಲಗಳಿಗೆ ಉಣಿಸಲು ಜನ ಕಟ್ಟಿದ ಕೆರೆ. ವಿಸ್ತಾರ ಸುಮಾರು 50 ಹೆಕ್ಟೇರ್. ದೊಡ್ಡ ಸರೋವರವೇನಲ್ಲ, ಏರಿಯ ಮೇಲೆ ನಿಂತರೆ ಬಹುಪಾಲು ಕಣ್ಣಳತೆಗೆ ಸಿಗುತ್ತದೆ. ಆದರೂ ದಕ್ಷಿಣ ಭಾರತದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಚಳಿಗಾಲ ಕಳೆಯುವ ದೊಡ್ಡ ತಾಣಗಳಲ್ಲಿ ಇದೂ ಒಂದು. 2024ರ ಜನವರಿ ಕೊನೆಯಲ್ಲಿ ಅಂಕಸಮುದ್ರ ಮತ್ತು ಅಘನಾಶಿನಿ ಅಳಿವೆಯ ಜೊತೆಗೆ ಇದೂ ರಾಮ್ಸಾರ್ ಪಟ್ಟಿಗೆ ಸೇರಿತು. ಅದಕ್ಕೂ ಮೊದಲು ಕರ್ನಾಟಕದಿಂದ ಆ ಪಟ್ಟಿಯಲ್ಲಿದ್ದದ್ದು ರಂಗನತಿಟ್ಟು ಮಾತ್ರ.

ಹೆಬ್ಬಾತು ಬೂದುಬಣ್ಣದ ಹಕ್ಕಿ, ಎರಡು ಮೂರು ಕಿಲೊ ತೂಗುತ್ತದೆ. ಬಿಳಿ ತಲೆಯ ಹಿಂಬದಿಗೆ ಎರಡು ಕಪ್ಪು ಪಟ್ಟೆ, ಕೊಕ್ಕು ಮತ್ತು ಕಾಲು ಹಳದಿ. ಮಂಗೋಲಿಯಾ, ಟಿಬೆಟ್, ಲಡಾಖಿನ ಎತ್ತರದ ಸರೋವರಗಳ ದಂಡೆಯಲ್ಲಿ ಮರಿ ಮಾಡಿ, ಚಳಿ ಬಂತೆಂದರೆ ಹಿಮಾಲಯ ದಾಟಿ ಇತ್ತ ಬರುತ್ತದೆ. ಉಪಗ್ರಹ ಪಟ್ಟಿ ಕಟ್ಟಿ ನೋಡಿದಾಗ ಕೆಲವು 7,000 ಮೀಟರಿಗೂ ಮೇಲೆ ಹಾರಿದ್ದು ದಾಖಲಾಗಿದೆ. ಮೈಸೂರು ಸುತ್ತಿನ ಕೆರೆಗಳಲ್ಲಿ ಮಂಗೋಲಿಯಾದಲ್ಲಿ ಕೊರಳಪಟ್ಟಿ ತೊಡಿಸಿದ ಹಕ್ಕಿಗಳು ಸಿಕ್ಕಿವೆ. ಹಾಗಾಗಿ ಅವು ಎಲ್ಲಿಂದ ಬರುತ್ತವೆ ಎಂಬುದು ಊಹೆಯ ಮಾತಲ್ಲ.

ಇನ್ನು ನಸುಕಿನಲ್ಲೇ ಏಕೆ? ಹೆಬ್ಬಾತು ಮೀನು ತಿನ್ನುವ ಹಕ್ಕಿಯಲ್ಲ. ಹುಲ್ಲು, ಕಾಳು, ಎಳೆ ಪೈರು ಅದರ ಮೇವು. ಕೆರೆ ಅದಕ್ಕೆ ಮಲಗುವ, ಕೂರುವ, ಶತ್ರುವಿನಿಂದ ದೂರವಿರುವ ಜಾಗ. ಊಟ ಇರುವುದು ಸುತ್ತಲಿನ ಹೊಲಗಳಲ್ಲಿ. ಹೆಚ್ಚಾಗಿ ಸಂಜೆ ಹೊಲಕ್ಕೆ ಹೋಗಿ, ಕತ್ತಲಲ್ಲಿ ಮೇಯ್ದು, ಬೆಳಕು ಹರಿಯುವ ಹೊತ್ತಿಗೆ ನೀರಿಗೆ ಮರಳುತ್ತದೆ. ಆದರೆ ಇದು ಗಡಿಯಾರ ನೋಡಿ ನಡೆಯುವ ವ್ಯವಹಾರವಲ್ಲ. ಕೆಲವು ಹಿಂಡು ರಾತ್ರಿ ನೀರಲ್ಲೇ ಉಳಿದು ಬೆಳಿಗ್ಗೆ ಹೊರಡುತ್ತವೆ. ಹತ್ತಿರದ ಹೊಲದಲ್ಲಿ ಯಾರಾದರೂ ಓಡಿಸಿದರೆ ನಡುರಾತ್ರಿಯೇ ಮರಳುತ್ತವೆ. ಅದಕ್ಕೇ ಗಣತಿಯ ಹಿಂದಿನ ಸಂಜೆ ನಾವು ಕೆರೆಗೆ ಬಂದು, ಯಾವ ದಿಕ್ಕಿಗೆ ಎಷ್ಟು ಹಿಂಡು ಹೋಯಿತು ಎಂದು ನೋಡಿಕೊಳ್ಳುತ್ತೇವೆ, ಊರವರನ್ನು ಕೇಳುತ್ತೇವೆ. ಆ ಸಂಜೆ ಎಮ್ಮೆ ಹೊಡೆದುಕೊಂಡು ಹೊರಟಿದ್ದ ಹಿರಿಯರೊಬ್ಬರು ನಿಂತು ಮಾತಾಡಿಸಿದರು.

“ಯಾಕವ್ವಾ, ಬಾತಕೋಳಿ ನೋಡಾಕ ಬಂದೀರೇನು?”

“ಹೌದು ಅಜ್ಜಾರ. ನಾಳೆ ಎಣಸೂದು ಐತಿ. ಮುಂಜಾನಿ ಎಷ್ಟೊತ್ತಿಗೆ ತಿರುಗಿ ಬರ್ತಾವ್ರಿ?”

“ಬೆಳದಿಂಗಳಿದ್ರ ತಡಾ ಮಾಡ್ತಾವು. ಕಡ್ಲಿ ಹೊಲದಾಗ ರಾತ್ರಿಯೆಲ್ಲಾ ಮೇಯ್ತಾವು. ಈಗ ಕತ್ತಲ ರಾತ್ರಿ, ಹೊತ್ತು ಹುಟ್ಟೂದ್ರೊಳಗ ಬರ್ತಾವು ನೋಡು. ಆದ್ರ ಎಲ್ಲಾ ಒಮ್ಮೆಲೆ ಬರಂಗಿಲ್ಲ.”

ಕೊನೆಯ ಆ ಮಾತನ್ನು ದಿನಚರಿಯಲ್ಲಿ ಬರೆದುಕೊಂಡೆ. ಮರುದಿನದ ಎಣಿಕೆಯ ಕ್ರಮ ನಿಂತಿದ್ದು ಅದರ ಮೇಲೆಯೇ. ಎಲ್ಲಾ ಒಮ್ಮೆಗೆ ಬರದಿದ್ದರೆ ಒಂದು ಸಲ ಎಣಿಸಿ ಎದ್ದುಬರುವಂತಿಲ್ಲ. ಬಂದದ್ದನ್ನೂ ಹೋದದ್ದನ್ನೂ ಬರೆಯುತ್ತ ಕೂರಬೇಕು.

ಸಾಮಾನು ಹೆಚ್ಚೇನಿಲ್ಲ. ಇಬ್ಬರಿಗೂ ಒಂದೊಂದು ದುರ್ಬೀನು, ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಒಂದು ಟೆಲಿಸ್ಕೋಪು, ಬೆರಳಿನಿಂದ ಒತ್ತಿದಂತೆ ಅಂಕಿ ಏರುವ ಕೈ ಕೌಂಟರು, ಕ್ಯಾಮೆರಾ, ಗಟ್ಟಿ ರಟ್ಟಿನ ಪುಸ್ತಕ, ಪೆನ್ಸಿಲ್. ಪೆನ್ನು ಬೇಡ, ಇಬ್ಬನಿಗೆ ಶಾಯಿ ಹರಡುತ್ತದೆ. ಕೂರುವ ಜಾಗವನ್ನು ಹಿಂದಿನ ದಿನವೇ ಗೊತ್ತುಮಾಡಿರುತ್ತೇವೆ: ಹುಟ್ಟುವ ಸೂರ್ಯ ಬೆನ್ನಿಗಿರಬೇಕು, ನೀರಿಗಿಂತ ಆದಷ್ಟು ಎತ್ತರದಲ್ಲಿರಬೇಕು. ಸೂರ್ಯ ಎದುರಿಗಿದ್ದರೆ ಎಲ್ಲ ಹಕ್ಕಿಯೂ ಕಪ್ಪು ನೆರಳು. ತಗ್ಗಿನಲ್ಲಿ ಕೂತರೆ ಮುಂದಿನ ಸಾಲಿನ ಹಕ್ಕಿ ಹಿಂದಿನದನ್ನು ಮುಚ್ಚುತ್ತದೆ. ಈ ಎರಡನೆಯದು ಎಷ್ಟು ದೊಡ್ಡ ಕಾಟವೆಂಬುದು ಅದೇ ಪುಟದಲ್ಲಿ ಕೆಳಗೆ ಬರುತ್ತದೆ.

ಪುಟದ ಎಡಬದಿಗೆ ಕೆರೆಯ ಒರಟು ನಕ್ಷೆ. ಅದನ್ನು ಗುರುತಿನ ಮರ, ಬಂಡೆ, ಜೊಂಡಿನ ಮೂಲೆ ಹಿಡಿದು ನಾಲ್ಕು ಭಾಗ ಮಾಡಿದ್ದೇವೆ. ಎಣಿಕೆ ಯಾವಾಗಲೂ ಎಡದಿಂದ ಬಲಕ್ಕೆ. ಒಂದು ಭಾಗ ಮುಗಿದ ಮೇಲೆ ಅತ್ತ ತಿರುಗಿ ನೋಡಿ ಸೇರಿಸುವಂತಿಲ್ಲ. ಒಂದೇ ಹಕ್ಕಿ ಎರಡು ಸಲ ಲೆಕ್ಕಕ್ಕೆ ಬಾರದಿರಲು ಇದಕ್ಕಿಂತ ಸರಳ ಉಪಾಯ ಬೇರಿಲ್ಲ.

6.50. ಮಂಜು ಏಳುತ್ತಿದೆ. ನೀರಿನ ಮೇಲೆ ಹೆಬ್ಬಾತು 340 (20ರ ಗುಂಪು, 17).

ಆವರಣದೊಳಗಿನ ಈ ಪುಟ್ಟ ಟಿಪ್ಪಣಿ ಎಣಿಸಿದ ಬಗೆಯನ್ನು ಹೇಳುತ್ತದೆ. ಬೆಳಕು ಸಾಲದು, ಹಿಂಡು ದಟ್ಟ, ಹಕ್ಕಿಗಳು ನಿಧಾನಕ್ಕೆ ತೇಲುತ್ತಿವೆ. ಒಂದೊಂದಾಗಿ ಎಣಿಸಹೋದರೆ ನೂರು ಮುಟ್ಟುವ ಮೊದಲೇ ಎಲ್ಲಿದ್ದೆವೆಂಬುದು ಮರೆಯುತ್ತದೆ. ಅದಕ್ಕೆ ಹಿಂಡಿನ ಒಂದು ತುದಿಯಲ್ಲಿ ಸರಿಯಾಗಿ ಇಪ್ಪತ್ತು ಹಕ್ಕಿ ಎಣಿಸಿ, ಅವು ದುರ್ಬೀನಿನ ವೃತ್ತದೊಳಗೆ ಎಷ್ಟು ಜಾಗ ತುಂಬುತ್ತವೆಂದು ಕಣ್ಣಿಗೆ ಕೂರಿಸಿಕೊಳ್ಳುತ್ತೇವೆ. ಆಮೇಲೆ ಅಷ್ಟಷ್ಟೇ ಜಾಗವನ್ನು ಹಿಂಡಿನುದ್ದಕ್ಕೂ ಇಡುತ್ತ ಹೋಗಿ, ಒಂದೊಂದಕ್ಕೂ ಕೌಂಟರನ್ನು ಒತ್ತುತ್ತೇವೆ. ಹದಿನೇಳು ಸಲ ಒತ್ತಿದರೆ 340. ನಡುವೆ ಹಿಂಡು ತೆಳುವಾದರೆ ಅಲ್ಲಿ ಮತ್ತೆ ಇಪ್ಪತ್ತನ್ನು ಬಿಡಿಯಾಗಿ ಎಣಿಸಿ ಅಳತೆಯನ್ನು ಸರಿಮಾಡಿಕೊಳ್ಳಬೇಕು. ತುದಿಯಲ್ಲಿ ಹಕ್ಕಿಗಳು ಬಿಡಿಬಿಡಿಯಾಗಿಯೂ ನಡುವೆ ಒತ್ತೊತ್ತಾಗಿಯೂ ಇರುತ್ತವೆ. ತುದಿಯ ಅಳತೆಯನ್ನೇ ನಡುವಿಗೂ ಹಾಕಿದರೆ ಲೆಕ್ಕ ಕಡಿಮೆ ಬೀಳುತ್ತದೆ. ದೊಡ್ಡ ದಟ್ಟ ಹಿಂಡನ್ನು ಕಣ್ಣಂದಾಜಿನಲ್ಲಿ ಎಣಿಸುವವರು ಸಾಮಾನ್ಯವಾಗಿ ಇರುವುದಕ್ಕಿಂತ ಕಡಿಮೆಯನ್ನೇ ಹೇಳುತ್ತಾರೆ.

ಇನ್ನೊಂದು ಕಟ್ಟುನಿಟ್ಟು: ಇಬ್ಬರು ಎಣಿಸುವಾಗ ಒಬ್ಬರ ಅಂಕಿ ಇನ್ನೊಬ್ಬರ ಕಿವಿಗೆ ಬೀಳಬಾರದು. ಬಿದ್ದರೆ ಎರಡನೆಯವರ ಕಣ್ಣು ತನಗೇ ಗೊತ್ತಿಲ್ಲದಂತೆ ಅದರತ್ತ ವಾಲುತ್ತದೆ. ನಾನೂ ನನ್ನ ಸಹಪಾಠಿಯೂ ಬೇರೆ ಬೇರೆ ಪುಸ್ತಕದಲ್ಲಿ ಬರೆದು, ಆ ಭಾಗ ಪೂರ್ತಿ ಮುಗಿದ ಮೇಲಷ್ಟೇ ತೋರಿಸಿಕೊಳ್ಳುತ್ತೇವೆ.

7.05. ಹೊಲದ ಕಡೆಯಿಂದ 62 ಬಂದವು. 7.12. 118, ಎರಡು ಸಾಲಿನಲ್ಲಿ. 7.30. 45. 7.40. ನೀರಿನಿಂದ ಎದ್ದು ಹೋದವು 30.

ಈ ಅರ್ಧ ಗಂಟೆಯಷ್ಟು ಚುರುಕಾಗಿ ಕೆಲಸ ಮಾಡಬೇಕಾದ ಹೊತ್ತು ಇಡೀ ದಿನದಲ್ಲಿ ಇನ್ನೊಂದಿಲ್ಲ. ಮೊದಲು ಸದ್ದು ಬರುತ್ತದೆ, ಮೂಗಿನಿಂದ ಕೂಗಿದಂಥ ಆಂಗ್, ಆಂಗ್. ಆಮೇಲೆ ಜೋಳದ ಹೊಲದಾಚೆ ಗೆರೆ ಎಳೆದಂತೆ ಸಾಲು ಕಾಣುತ್ತದೆ. ಕೆರೆಯ ಮೇಲೆ ಬಂದೊಡನೆ ಸಾಲು ಒಡೆದು, ರೆಕ್ಕೆ ಬಿಗಿಹಿಡಿದು, ಮೈಯನ್ನು ಅತ್ತಿತ್ತ ಓರೆ ಮಾಡುತ್ತ ಎತ್ತರ ಇಳಿಸಿಕೊಳ್ಳುತ್ತವೆ. ಇಳಿದ ಮೇಲೆ ನೀರಿನಲ್ಲಿದ್ದವುಗಳೊಳಗೆ ಬೆರೆತುಬಿಡುತ್ತವೆ. ಹಾಗಾಗಿ ಸಾಲು ಮುರಿಯುವ ಮುಂಚೆಯೇ, ಆಕಾಶದಲ್ಲಿದ್ದಾಗಲೇ ಎಣಿಸಬೇಕು. ಒಬ್ಬರು ಕಣ್ಣು ತೆಗೆಯದೆ ಎಣಿಸಿ ಬಾಯಲ್ಲಿ ಹೇಳಿದರೆ ಇನ್ನೊಬ್ಬರು ಹೊತ್ತು ಮತ್ತು ದಿಕ್ಕಿನೊಂದಿಗೆ ಬರೆಯುತ್ತಾರೆ. ಇಲ್ಲಿ ಮಾತ್ರ ಇಬ್ಬರ ಲೆಕ್ಕ ಒಂದೇ. ಕೆರೆಯ ಮೇಲೆ ಹಾದು ಇಳಿಯದೆ ಮುಂದೆ ಹೋದ ಹಿಂಡನ್ನು ಬೇರೆ ಸಾಲಿನಲ್ಲಿ ಬರೆಯುತ್ತೇವೆ, ಮೊತ್ತಕ್ಕೆ ಸೇರಿಸುವುದಿಲ್ಲ. ಗಣತಿಗೆ ಬೇಕಾದುದು ಈ ಕೆರೆಯನ್ನು ಬಳಸುವ ಹಕ್ಕಿ.

ಹೀಗೆ ಅಂಗಡಿಯ ಜಮಾ-ಖರ್ಚಿನ ಪುಸ್ತಕದಂತೆ ಒಂದು ಲೆಕ್ಕ ಕೂಡಿಬರುತ್ತದೆ. ನೀರಿನಲ್ಲಿದ್ದದ್ದು 340, ಬಂದದ್ದು 62, 118, 45 ಸೇರಿ 225, ಹೋದದ್ದು 30. ಉಳಿಯಬೇಕಾದದ್ದು 535.

7.55. ಮಾರ್ಶ್ ಹ್ಯಾರಿಯರ್. ಬಾತುಗಳೆಲ್ಲ ಎದ್ದವು. ಮೂರನೆಯ ಭಾಗದ ಎಣಿಕೆಗೆ ಅಡ್ಡಗೆರೆ.

ಮಾರ್ಶ್ ಹ್ಯಾರಿಯರ್ ಜೊಂಡಿನ ಮೇಲೆ ತಗ್ಗಿನಲ್ಲಿ ಸುಳಿಯುತ್ತ ಬೇಟೆ ಹುಡುಕುವ ಹದ್ದಿನ ಜಾತಿಯ ವಲಸೆ ಹಕ್ಕಿ. ಅದು ಬಂದರೆ ಹೆಬ್ಬಾತುಗಳು ಕತ್ತೆತ್ತಿ ನಿಲ್ಲುತ್ತವೆ, ಅಷ್ಟೆ. ಸಣ್ಣ ಬಾತುಗಳು ಮಾತ್ರ ಒಟ್ಟಿಗೆ ಎದ್ದು ಕೆರೆಯನ್ನು ಒಂದೆರಡು ಸುತ್ತು ಹಾಕಿ ಬೇರೆಲ್ಲೋ ಕೂರುತ್ತವೆ. ಆಗ ಅರ್ಧ ಎಣಿಸಿದ ಅಂಕಿಗೆ ಬೆಲೆಯಿಲ್ಲ. ಅದನ್ನು ರಬ್ಬರಿನಿಂದ ಅಳಿಸುವುದೂ ಇಲ್ಲ. ಓದಲು ಬರುವಂತೆ ಗೆರೆ ಎಳೆದು, ಕಾರಣ ಬರೆದು, ಅವು ಮತ್ತೆ ಕೂತ ಮೇಲೆ ಮೊದಲಿನಿಂದ ಶುರು. ಮೀನು ಹಿಡಿಯುವವರ ತೆಪ್ಪ, ದಂಡೆಯಲ್ಲಿ ಓಡಾಡುವ ನಾಯಿ, ಬಟ್ಟೆ ಒಗೆಯುವ ಸದ್ದು ಇವೂ ಅದೇ ಕಲಂನಲ್ಲಿ ಬರುತ್ತವೆ. ಯಾವ ಮೂಲೆಯಲ್ಲಿ ಹಕ್ಕಿ ಕೂರುತ್ತಿಲ್ಲ, ಏಕೆ ಎಂದು ಮುಂದೆ ಯಾರಾದರೂ ಕೇಳಿದರೆ ಉತ್ತರ ಸಿಗುವುದು ಆ ಕಲಂನಲ್ಲಿ.

8.20. ಹೆಬ್ಬಾತು ನೆಲೆಯಾಗಿ ಕೂತಿವೆ. ನೇರ ಎಣಿಕೆ: ನನ್ನದು 508, ಅವನದು 490. ಫೋಟೊ ತೆಗೆದಿದೆ.

ಬೆಳಕು ಚೆನ್ನಾಗಿದೆ, ಬಿಸಿಲು ಇನ್ನೂ ಏರಿಲ್ಲ. ಇನ್ನೊಂದು ಗಂಟೆ ಕಳೆದರೆ ನೀರಿನ ಮೇಲಿನ ಗಾಳಿ ಬಿಸಿಯಾಗಿ, ಟೆಲಿಸ್ಕೋಪಿನಲ್ಲಿ ದೂರದ ಹಕ್ಕಿಗಳೆಲ್ಲ ಅಲುಗಾಡಿದಂತೆ ಕಾಣುತ್ತವೆ. ಅಷ್ಟರೊಳಗೆ ಕೂತ ಹಿಂಡನ್ನು ಇನ್ನೊಮ್ಮೆ ನೇರವಾಗಿ ಎಣಿಸುವುದು ಕ್ರಮ. ಜಮಾ-ಖರ್ಚಿನ ಲೆಕ್ಕ 535 ಎನ್ನುತ್ತದೆ, ನಮ್ಮ ಕಣ್ಣು 508 ಮತ್ತು 490 ಎನ್ನುತ್ತಿದೆ. ಇವುಗಳಲ್ಲಿ ಯಾವುದು ಸರಿ?

ಉತ್ತರ ಸಿಕ್ಕಿದ್ದು ಸಂಜೆ, ಕಂಪ್ಯೂಟರಿನ ಮುಂದೆ. ಒಂದರ ಅಂಚು ಇನ್ನೊಂದಕ್ಕೆ ತಾಗುವಂತೆ ತೆಗೆದ ಫೋಟೊಗಳನ್ನು ಜೋಡಿಸಿ, ಪರದೆ ಮೇಲೆ ಪ್ರತಿ ಹಕ್ಕಿಯ ಮೇಲೂ ಒಂದೊಂದು ಚುಕ್ಕೆ ಇಟ್ಟೆವು. 527 ಬಂತು. ಎಲ್ಲಿ ತಪ್ಪಿಹೋಗಿದ್ದವು ಎಂಬುದೂ ಕಂಡಿತು. ಹಿಂಡಿನ ಹಿಂಭಾಗದಲ್ಲಿ ಕತ್ತನ್ನು ರೆಕ್ಕೆಯೊಳಗೆ ಹುದುಗಿಸಿ ಮಲಗಿದವು ಬೂದು ಕಲ್ಲಿನಂತೆ ತೋರುತ್ತವೆ; ಮುಂದೆ ನಿಂತವುಗಳ ಕಾಲ ನಡುವಿನಿಂದ ಅವುಗಳ ಬೆನ್ನು ಚೂರೇ ಚೂರು ಕಾಣುತ್ತದೆ. ಫೋಟೊದಲ್ಲೂ ಪೂರ್ತಿ ಮುಚ್ಚಿಹೋದವು ಕೆಲವು ಇದ್ದೇ ಇರುತ್ತವೆ. ಆದ್ದರಿಂದ 535ಕ್ಕೂ 527ಕ್ಕೂ ಇರುವ ಎಂಟರ ಅಂತರಕ್ಕೆ ತಲೆಕೆಡಿಸಿಕೊಳ್ಳಬೇಕಿಲ್ಲ. ಮೂರು ಬೇರೆ ಬೇರೆ ದಾರಿಯಲ್ಲಿ ಬಂದ ಅಂಕಿಗಳು ಒಂದಕ್ಕೊಂದು ಹತ್ತಿರ ನಿಂತಿವೆ ಎಂದರೆ ಆ ದಿನದ ಎಣಿಕೆಯನ್ನು ನಂಬಬಹುದು. ಫೋಟೊ 527, ಜಮಾ-ಖರ್ಚು 800 ಎಂದಿದ್ದರೆ ಯಾವುದೋ ಹಿಂಡು ಎರಡು ಸಲ ಲೆಕ್ಕವಾಗಿದೆ ಅಥವಾ ಕಾಣದಂತೆ ಎದ್ದುಹೋಗಿದೆ ಎಂದರ್ಥ. ಆಗ ಮರುದಿನ ಮತ್ತೆ ಬರಲೇಬೇಕು.

ನಮೂನೆಯಲ್ಲಿ 527 ಎಂದು ಬರೆದೆವು. ಪಕ್ಕದ ಟಿಪ್ಪಣಿಯಲ್ಲಿ, ಕಣ್ಣಳತೆಯ ಎಣಿಕೆ 508 ಮತ್ತು 490, ಫೋಟೊ ಎಣಿಕೆ 527 ಎಂಬುದೂ ಇದೆ. ಈ ಟಿಪ್ಪಣಿ ತೀರಾ ಮುಖ್ಯವೆಂದು ನನ್ನ ಅಭಿಪ್ರಾಯ. ಕ್ಯಾಮೆರಾ ಇಲ್ಲದ ಕಾಲದಲ್ಲಿ ಬರಿಗಣ್ಣು-ದುರ್ಬೀನಿನಿಂದ ಮಾಡಿದ ಎಣಿಕೆಯ ಪಕ್ಕದಲ್ಲಿ ಬರೀ 527 ಇಟ್ಟರೆ ಹೆಬ್ಬಾತು ಹೆಚ್ಚಿದವೆಂದು ತೋರುತ್ತದೆ, ನಿಜದಲ್ಲಿ ಹೆಚ್ಚಿದ್ದು ಎಣಿಸುವ ಸಾಧನವಷ್ಟೇ ಆಗಿರಬಹುದು.

8.35. ಮರಿಗಳ ಲೆಕ್ಕ. ನೋಡಿದ್ದು 100, ಪಟ್ಟೆ ಇಲ್ಲದವು 14.

ಪುಟದಲ್ಲಿ ನನಗೆ ತುಂಬ ಇಷ್ಟವಾದ ಸಾಲು ಇದು. ಹಿಂದಿನ ಬೇಸಗೆಯಲ್ಲಿ ಹುಟ್ಟಿದ ಹೆಬ್ಬಾತಿಗೆ ಮೊದಲ ಚಳಿಗಾಲದಲ್ಲಿ ತಲೆಯ ಆ ಎರಡು ಪಟ್ಟೆ ಸ್ಪಷ್ಟವಾಗಿ ಇರುವುದಿಲ್ಲ. ನೆತ್ತಿಯಿಂದ ಕತ್ತಿನ ಹಿಂಬದಿಯವರೆಗೂ ಒಂದೇ ಕಂದು-ಬೂದು ಬಣ್ಣ ಇಳಿದಿರುತ್ತದೆ, ಮುಖ ಮಾತ್ರ ಬಿಳಿ. ಟೆಲಿಸ್ಕೋಪಿನಲ್ಲಿ ಒಂದೊಂದೇ ತಲೆ ನೋಡುತ್ತ ಹೋದರೆ ಇವು ಗೊತ್ತಾಗುತ್ತವೆ. ಸಾಮಾನ್ಯವಾಗಿ ಎರಡು ದೊಡ್ಡವುಗಳ ನಡುವೆ ಎರಡು ಮೂರು ಮರಿ ಇರುತ್ತವೆ, ಏಕೆಂದರೆ ಹೆಬ್ಬಾತಿನ ಕುಟುಂಬ ಚಳಿಗಾಲದಲ್ಲೂ ಒಟ್ಟಿಗೇ ಇರುತ್ತದೆ. ಒಂದು ಜೋಡಿಯ ಪಕ್ಕ ಮೂರು ಮರಿ ನೀರಿನಂಚಿನಲ್ಲಿ ಹುಲ್ಲು ಕೀಳುತ್ತಿದ್ದವು. ಗಂಡೋ ಹೆಣ್ಣೋ ಹೇಳಲಾಗದ ಒಂದು ದೊಡ್ಡ ಹಕ್ಕಿ ಕತ್ತು ನೆಟ್ಟಗೆ ಮಾಡಿ ನಿಂತೇ ಇತ್ತು, ಇತರ ಹೆಬ್ಬಾತು ಹತ್ತಿರ ಬಂದರೆ ಕತ್ತು ನೆಲಕ್ಕೆ ಚಾಚಿ ಓಡಿಸುತ್ತಿತ್ತು. ಸಾವಿರಾರು ಕಿಲೊಮೀಟರ್ ಹಾರಿ ಬಂದ ಮೇಲೂ ಕಾವಲು ಬಿಟ್ಟಿಲ್ಲ.

ಮರಿಗಳ ಪ್ರಮಾಣ ಹೇಳುವುದು ಮಾಗಡಿಯ ಸುದ್ದಿಯನ್ನಲ್ಲ, ಹಿಮಾಲಯದಾಚೆಯ ಸುದ್ದಿಯನ್ನು: ಕಳೆದ ಬೇಸಗೆಯಲ್ಲಿ ಅಲ್ಲಿ ಮರಿ ಎಷ್ಟು ಬದುಕಿದವು ಎಂದು. ಆದರೆ ಇಲ್ಲೂ ಒಂದು ಎಚ್ಚರಿಕೆ ಬೇಕು. ಮರಿ ಇರುವ ಕುಟುಂಬಗಳು ಹಿಂಡಿನಲ್ಲಿ ಸಮನಾಗಿ ಹರಡಿರುವುದಿಲ್ಲ, ಬಹುಮಟ್ಟಿಗೆ ಅಂಚಿನಲ್ಲಿರುತ್ತವೆ. ನಮಗೆ ಹತ್ತಿರವಾಗಿ ಕಾಣುವುದೂ ಅಂಚೇ. ಅಲ್ಲಿನ ನೂರನ್ನೇ ನೋಡಿದರೆ ಮರಿಗಳು ಧಾರಾಳವಾಗಿವೆ ಎನ್ನಿಸುತ್ತದೆ. ಆ ಕಾರಣಕ್ಕೆ ಅಂಚಿನಿಂದ ಇಪ್ಪತ್ತೈದು, ನಡುವಿನಿಂದ ಐವತ್ತು, ಆಚೆ ಅಂಚಿನಿಂದ ಇಪ್ಪತ್ತೈದು ಎಂದು ಆರಿಸಿ ನೋಡುತ್ತೇವೆ. ಅಷ್ಟಾದರೂ ಒಂದು ಕೆರೆಯ ಒಂದು ದಿನದ ನೂರು ತಲೆಯಿಂದ ಯಾವ ತೀರ್ಮಾನಕ್ಕೂ ಬರುವಂತಿಲ್ಲ. ಹಲವು ಕೆರೆ, ಹಲವು ವರ್ಷದ ಇಂಥ ಸಾಲುಗಳು ಒಟ್ಟು ಸೇರಬೇಕು.

8.50. ಬಾತುಗಳ ಬೆರಕೆ ಹಿಂಡು ಸುಮಾರು 200 (ಅಂದಾಜು). 50ರಲ್ಲಿ ಸೂಜಿಬಾಲ 31, ಅಗಲಕೊಕ್ಕಿನವು 12, ಬಿಳಿಹುಬ್ಬಿನವು 7. ದೂರದವು, ಗುರುತಿಸದ ಬಾತು 23.

ನಡು ನೀರಿನಲ್ಲಿ ಹಲವು ಜಾತಿ ಬಾತುಗಳು ಕಲಸಿಕೊಂಡು ತೇಲುತ್ತಿರುತ್ತವೆ. ಪ್ರತಿಯೊಂದರ ಜಾತಿಯನ್ನೂ ನೋಡುತ್ತ ಕೂತರೆ ಎಣಿಕೆ ಮುಗಿಯದು. ಮೊದಲು ಹಿಂಡನ್ನು ಒಟ್ಟಾಗಿ ಎಣಿಸಿ, ಆಮೇಲೆ ಟೆಲಿಸ್ಕೋಪನ್ನು ಹಿಂಡಿನ ಉದ್ದಕ್ಕೂ ನಿಧಾನಕ್ಕೆ ತಿರುಗಿಸುತ್ತ ಐವತ್ತು ಬಾತನ್ನು ಜಾತಿ ಹೇಳಿ ಬರೆಯುತ್ತೇವೆ. ಅದೇ ಪ್ರಮಾಣ ಇಡೀ ಇನ್ನೂರಕ್ಕೆ ಹಾಕಿದರೆ ಸೂಜಿಬಾಲದ ಬಾತು 124, ಅಗಲಕೊಕ್ಕಿನದು 48, ಬಿಳಿಹುಬ್ಬಿನದು 28. ಇವು ಎಣಿಸಿದ ಅಂಕಿಗಳಲ್ಲ, ಲೆಕ್ಕಹಾಕಿದ ಅಂಕಿಗಳು, ಎಂದು ಪಕ್ಕದಲ್ಲಿ ಬರೆದಿರಬೇಕು.

ಆ ಇಪ್ಪತ್ಮೂರು ಬಾತುಗಳ ಮೇಲೆ ಹೊಸಬರಿಗೆ ಆಸೆ ಹೆಚ್ಚು. ಸುತ್ತಲೂ ಸೂಜಿಬಾಲವೇ ಇರುವಾಗ ಅವೂ ಅವೇ ಇರಬೇಕು ಎಂದು ಸೇರಿಸಿಬಿಡಲು ಮನಸ್ಸಾಗುತ್ತದೆ. ಸೇರಿಸಬಾರದು. ಮಾಗಡಿಯಲ್ಲಿ ದಾಖಲಾದ ಬಾತುಗಳಲ್ಲಿ ಜಗತ್ತಿನಾದ್ಯಂತ ಅಪಾಯದ ಅಂಚಿಗೆ ಬಂದಿರುವ ಕಾಮನ್ ಪೋಚಾರ್ಡ್ ಎಂಬ ಕೆಂಪು ತಲೆಯ ಬಾತೂ ಇದೆ. ದೂರದ ಮಬ್ಬಿನಲ್ಲಿ ತಲೆ ಹುದುಗಿಸಿ ಮಲಗಿದ ಬಾತನ್ನು ಊಹೆಯಿಂದ ಒಂದು ಜಾತಿಗೆ ಹಾಕಿದರೆ, ಎಣಿಸಲೇಬೇಕಾದ ಹಕ್ಕಿಯೇ ಲೆಕ್ಕದಿಂದ ಮರೆಯಾಗಬಹುದು. ‘ಗುರುತಿಸದ ಬಾತು’ ಎಂಬುದು ನಮೂನೆಯಲ್ಲಿ ಮರ್ಯಾದೆಯಿಂದಲೇ ಇರುವ ಸಾಲು.

ಜೊಂಡಿನ ಮೂಲೆಯದು ಇದಕ್ಕೆ ತದ್ವಿರುದ್ಧ ಕಷ್ಟ. ಅಲ್ಲಿ ಹಕ್ಕಿಯ ಕೂಗು ಕೇಳುತ್ತದೆ, ಮೈ ಕಾಣುವುದಿಲ್ಲ. ನೇರಳೆ ಜಂಬುಕೋಳಿ ಹೊರಬಂದದ್ದು ಮೂರು, ಒಳಗೆ ಕೂಗಿದವು ಎಷ್ಟೋ. ಮೂರು ಎಂದು ಬರೆದು, ‘ಇನ್ನೂ ಇವೆ, ಕೇಳಿದ್ದು ಮಾತ್ರ’ ಎಂದು ಸೇರಿಸುತ್ತೇವೆ. ದಂಡೆಯ ಕೆಸರಿನಲ್ಲಿ ಮೆಟ್ಟುಗಾಲು ಹಕ್ಕಿ, ಗದ್ದೆಗೊರವ, ಒಂದೆರಡು ಬಣ್ಣದ ಕೊಕ್ಕರೆ ಬಿಡಿಯಾಗಿ ನಿಂತಿದ್ದವು. ಅವುಗಳ ಎಣಿಕೆ ಸುಲಭವಾಗಿ ಮುಗಿಯಿತು.

ಈಗ ಪುಟದ ತಲೆಯಲ್ಲಿರುವ ಆ ಸಾಲಿಗೆ ಬರೋಣ: ನೀರು ಮೇಲಿನಿಂದ ಐದನೆಯ ಸಾಲಿನವರೆಗೆ. ಓದುವವರು ಹಾರಿಸಿ ಹೋಗುವ ಸಾಲು ಇದೇ. ಹಲವು ಸಲ ಇಡೀ ಪುಟದ ಅರ್ಥವನ್ನು ಹಿಡಿದಿರುವುದೂ ಇದೇ. ಸೂಜಿಬಾಲ, ಬಿಳಿಹುಬ್ಬಿನಂಥ ಬಾತುಗಳು ಮುಳುಗಿ ಮೇಯುವುದಿಲ್ಲ. ಬಾಲ ಮೇಲೆ ಮಾಡಿ, ತಲೆ ಕೆಳಗೆ ಮಾಡಿ, ಕತ್ತು ಎಷ್ಟು ಆಳಕ್ಕೆ ಮುಟ್ಟುತ್ತದೋ ಅಷ್ಟರಿಂದಲೇ ಬೀಜ, ಗೆಡ್ಡೆ, ಹುಳ ಹೆಕ್ಕುತ್ತವೆ. ಉದ್ದ ಕತ್ತಿನ ಸೂಜಿಬಾಲ ಕೊಂಚ ಆಳದವರೆಗೆ, ಪುಟ್ಟ ಬಿಳಿಹುಬ್ಬು ಇನ್ನೂ ತೆಳುನೀರಿನಲ್ಲಿ. ಗೊರವಗಳಿಗೆ ಕಾಲು ಮುಳುಗದ ಕೆಸರು ಬೇಕು. ಪೋಚಾರ್ಡ್ ಮಾತ್ರ ಮುಳುಗುಬಾತು, ಅದಕ್ಕೆ ಆಳ ನೀರು ಆದೀತು. ಮುಂಗಾರು, ಹಿಂಗಾರು ಎರಡೂ ಚೆನ್ನಾಗಿ ಬಂದು ಕೆರೆ ಕೋಡಿ ಬಿದ್ದ ವರ್ಷ ಜನವರಿಯಲ್ಲೂ ನೀರು ದಂಡೆಯ ಹುಲ್ಲಿನವರೆಗೆ ನಿಂತಿರುತ್ತದೆ. ಕೆಸರಿಲ್ಲ, ತೆಳುನೀರಿಲ್ಲ, ಗೊರವಗಳು ಬೆರಳೆಣಿಕೆಗೆ ಇಳಿಯುತ್ತವೆ. ಅವು ಸತ್ತಿಲ್ಲ, ಬೇರೆ ಕೆರೆಗೆ ಹೋಗಿವೆ. ಬರದ ವರ್ಷ ಸುತ್ತಲಿನ ಸಣ್ಣ ಕೆರೆಗಳೆಲ್ಲ ಒಣಗಿ, ಇದೊಂದರಲ್ಲಿ ನೀರು ಉಳಿದರೆ ಎಲ್ಲವೂ ಇಲ್ಲಿಗೇ ಬಂದು ಸೇರುತ್ತವೆ. ಆಗಿನ ದೊಡ್ಡ ಅಂಕಿ ನೋಡಿ ಹಕ್ಕಿಗಳಿಗೆ ಒಳ್ಳೆಯ ಕಾಲ ಬಂತು ಎಂದು ಸುದ್ದಿ ಮಾಡಿದರೆ ನಡೆದಿರುವುದು ಅದರ ಉಲ್ಟಾ.

ಈ ಕಾರಣಕ್ಕೇ ಒಂದು ಕೆರೆಯ ಎಣಿಕೆಯಿಂದ ಒಂದು ಜಾತಿಯ ಏರಿಳಿತ ಹೇಳಲಾಗುವುದಿಲ್ಲ. ಒಂದೇ ಕಾಲದಲ್ಲಿ ಬಹಳಷ್ಟು ಕೆರೆಗಳಲ್ಲಿ ಎಣಿಸಬೇಕು. ಅಂತರರಾಷ್ಟ್ರೀಯ ಜಲಪಕ್ಷಿ ಗಣತಿ ಶುರುವಾದದ್ದು 1967ರಲ್ಲಿ. ಅದರ ಏಷ್ಯಾದ ಭಾಗ ಭಾರತ ಉಪಖಂಡದಲ್ಲಿ 1987ರಲ್ಲಿ ಆರಂಭವಾಯಿತು. ವೆಟ್‌ಲ್ಯಾಂಡ್ಸ್ ಇಂಟರ್‌ನ್ಯಾಷನಲ್ ಸಂಸ್ಥೆ ಇದನ್ನು ಹೊಂದಿಸುತ್ತದೆ. ಜನವರಿಯನ್ನೇ ಆರಿಸಿದ್ದೇಕೆಂದರೆ ಆ ಹೊತ್ತಿಗೆ ಬರುವ ಹಕ್ಕಿಗಳು ಬಂದಾಗಿರುತ್ತದೆ, ಹೋಗುವವು ಇನ್ನೂ ಹೊರಟಿರುವುದಿಲ್ಲ. ನವೆಂಬರಿನಲ್ಲಿ ಎಣಿಸಿದರೆ ಉತ್ತರದ ಒಂದು ಸರೋವರದಲ್ಲಿ ಕಂಡ ಹಿಂಡೇ ಮುಂದಿನ ವಾರ ಗದಗಿನಲ್ಲೂ ಎಣಿಕೆಗೆ ಸಿಕ್ಕೀತು.

ಈ ಅಂಕಿಗಳು ಕಾಗದದಲ್ಲೇ ಉಳಿಯುವುದಿಲ್ಲ. ಒಂದು ತಾಣವನ್ನು ರಾಮ್ಸಾರ್ ಪಟ್ಟಿಗೆ ಸೇರಿಸಲು ಇರುವ ಒಂಬತ್ತು ಮಾನದಂಡಗಳಲ್ಲಿ ಎರಡು ನೇರವಾಗಿ ಎಣಿಕೆಯನ್ನೇ ನಂಬಿವೆ. ತಾಣ 20,000 ಅಥವಾ ಹೆಚ್ಚು ಜಲಪಕ್ಷಿಗಳಿಗೆ ನಿಯಮಿತವಾಗಿ ಆಸರೆಯಾಗಿರಬೇಕು ಎಂಬುದು ಒಂದು. ಯಾವುದಾದರೂ ಒಂದು ಜಲಪಕ್ಷಿಯ ಒಟ್ಟು ಸಂಖ್ಯೆಯ ಶೇ 1ರಷ್ಟಕ್ಕೆ ನಿಯಮಿತವಾಗಿ ಆಸರೆಯಾಗಿರಬೇಕು ಎಂಬುದು ಇನ್ನೊಂದು. ಒಂದು ಜಾತಿಯ ಹಕ್ಕಿ ಒಟ್ಟು 50,000 ಇವೆ ಎಂದಿಟ್ಟುಕೊಂಡರೆ, 500 ಹಕ್ಕಿ ಬರುವ ಊರ ಕೆರೆಯೂ ಜಗತ್ತಿನ ಮಟ್ಟದಲ್ಲಿ ಮುಖ್ಯವೆನಿಸುತ್ತದೆ. ಅಂಥ ಗಡಿಯ ಹತ್ತಿರ ನಿಂತಾಗ 490ಕ್ಕೂ 527ಕ್ಕೂ ಇರುವ ವ್ಯತ್ಯಾಸ ಸಣ್ಣದಲ್ಲ. ‘ನಿಯಮಿತವಾಗಿ’ ಎಂಬ ಮಾತೂ ಸಣ್ಣದಲ್ಲ: ಒಂದೇ ವರ್ಷದ ದೊಡ್ಡ ಅಂಕಿಯನ್ನು ಯಾರೂ ಒಪ್ಪುವುದಿಲ್ಲ, ವರ್ಷಗಟ್ಟಲೆ ಬಿಡದೆ ಎಣಿಸಿದ ಪುಟಗಳು ಬೇಕು.

9.30. ಬಿಸಿಲು. ಟೆಲಿಸ್ಕೋಪಿನಲ್ಲಿ ದೃಶ್ಯ ಅಲುಗುತ್ತಿದೆ. ಎಣಿಕೆ ನಿಲ್ಲಿಸಿದೆವು. ನಾಲ್ಕೂ ಭಾಗ ಪೂರ್ತಿ. ಕಾಣದವು: ಹಾವಕ್ಕಿ, ನದಿ ರೀವ.

ಕಾಣದ ಹಕ್ಕಿಯ ಹೆಸರನ್ನೂ ಬರೆಯುವುದು ಹಲವರಿಗೆ ವಿಚಿತ್ರವೆನಿಸುತ್ತದೆ. ಈ ಎರಡೂ ಮಾಗಡಿಯಲ್ಲಿ ದಾಖಲಾದ ಹಕ್ಕಿಗಳು. ನಾಲ್ಕೂ ಭಾಗವನ್ನು ಪೂರ್ತಿ ನೋಡಿಯೂ ಅವು ಸಿಗಲಿಲ್ಲವೆಂದರೆ ಅದೂ ಒಂದು ಮಾಹಿತಿ. ನೋಡದೆ ಬಿಟ್ಟದ್ದು ಬೇರೆ, ನೋಡಿಯೂ ಕಾಣದ್ದು ಬೇರೆ. ಇಬರ್ಡ್ ಆ್ಯಪಿನಲ್ಲಿ ಪಟ್ಟಿ ಕಳಿಸುವಾಗಲೂ, ಗುರುತಿಸಿದ ಎಲ್ಲ ಹಕ್ಕಿಯನ್ನೂ ಬರೆದಿದ್ದೀರಾ ಎಂದು ಕೇಳುವುದು ಇದೇ ಕಾರಣಕ್ಕೆ. ಹೌದು ಎಂದರೆ ಮಾತ್ರ ಪಟ್ಟಿಯಲ್ಲಿ ಇಲ್ಲದ ಹಕ್ಕಿಯ ಬಗ್ಗೆಯೂ ಅದು ಏನನ್ನಾದರೂ ಹೇಳಬಲ್ಲದು.

ಕರ್ನಾಟಕದಲ್ಲಿ ಹತ್ತಾರು ಸಾವಿರ ಕೆರೆಗಳಿವೆ, ಗಣತಿ ಮುಟ್ಟುವುದು ಅವುಗಳಲ್ಲಿ ತೀರಾ ಕೆಲವನ್ನು. ನಿಮ್ಮೂರ ಕೆರೆಯಲ್ಲಿ ಹೆಬ್ಬಾತು ಇರಲಿಕ್ಕಿಲ್ಲ. ನಾಮದ ಕೋಳಿ, ಗುಳುಮುಳುಕ, ನೀರುಕಾಗೆ, ಬೆಳ್ಳಕ್ಕಿ ಇದ್ದೇ ಇರುತ್ತವೆ. ಗಣತಿ ಸಾಮಾನ್ಯವಾಗಿ ಜನವರಿಯ ಮಧ್ಯದ ವಾರಗಳಲ್ಲಿ ನಡೆಯುತ್ತದೆ. ಆಗ ಒಂದು ಬೆಳಿಗ್ಗೆ ಕೆರೆ ಏರಿಗೆ ಹೋಗಿ, ಗುರುತು ಸಿಕ್ಕುವ ಹಕ್ಕಿಗಳನ್ನಷ್ಟೇ ಎಣಿಸಿ. ಪ್ರತಿ ವರ್ಷ ಅದೇ ಜಾಗದಲ್ಲಿ, ಅದೇ ಹೊತ್ತಿನಲ್ಲಿ ಕೂತು ಎಣಿಸಿ. ಮತ್ತು ಎಣಿಕೆಗೆ ಮುಂಚೆ ನೀರು ಯಾವ ಕಲ್ಲಿನವರೆಗೆ ಇದೆ ಎಂಬುದನ್ನು ಮರೆಯದೆ ಬರೆದುಕೊಳ್ಳಿ.